ಫ್ರೀಲ್ಯಾನ್ಸ್ ಅಕೌಂಟೆಂಟ್‌ಗೆ ಲಿಂಕ್ಡ್‌ಇನ್ ಹೆಡ್‌ಲೈನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಸ್ವಂತವಾಗಿ ಲೆಕ್ಕಪತ್ರದ ಕೆಲಸ ಮಾಡುವವರಿಗಾಗಿ ಈ ಪುಟ. ಹೆಸರಿನ ಕೆಳಗೆ ಬರುವ ಒಂದೇ ಒಂದು ಸಾಲಿನ ಬಗ್ಗೆ ಮಾತ್ರ ಇಲ್ಲಿದೆ. ಉದಾಹರಣೆಗೆ ಒಂದೇ ಸಮಸ್ಯೆಯನ್ನು ಹಿಡಿದುಕೊಂಡಿದ್ದೇವೆ: ಖರೀದಿ ಬಿಲ್ಲು ಕೈಯಲ್ಲಿದ್ದರೂ ಜಿಎಸ್‌ಟಿ ಕ್ರೆಡಿಟ್ ಸಿಗದೆ ಹೋಗುವುದು. ನಿಮ್ಮ ಕೆಲಸ ಬೇರೆಯದಾಗಿದ್ದರೂ ಸಾಲು ಕಟ್ಟುವ ಕ್ರಮ ಇದೇ.

ಹೆಡ್‌ಲೈನ್ ಎಂದರೆ ಯಾವುದು? ಎಲ್ಲಿ ಬದಲಿಸಬೇಕು?

ಪ್ರೊಫೈಲ್ ತೆರೆದಾಗ ನಿಮ್ಮ ಹೆಸರಿನ ಕೆಳಗೇ ಕಾಣುವ ಸಾಲು. ಫೋಟೋ ಪಕ್ಕದ ಪೆನ್ಸಿಲ್ ಗುರುತು ಒತ್ತಿದರೆ `Headline` ಎಂಬ ಬಾಕ್ಸ್ ಸಿಗುತ್ತದೆ. ಅಲ್ಲಿ 220 ಅಕ್ಷರದವರೆಗೆ ಬರೆಯಬಹುದು. ನೀವೇನೂ ಬರೆಯದಿದ್ದರೆ ಲಿಂಕ್ಡ್‌ಇನ್ ತಾನೇ ನಿಮ್ಮ ಈಗಿನ ಹುದ್ದೆ ಮತ್ತು ಸಂಸ್ಥೆಯ ಹೆಸರನ್ನು ತುಂಬಿಬಿಡುತ್ತದೆ. ಅದಕ್ಕೇ ಎಷ್ಟೋ ಜನರ ಪ್ರೊಫೈಲಿನಲ್ಲಿ ಬಿಟ್ಟುಬಂದ ಕಂಪನಿಯ ಹೆಸರು ಇನ್ನೂ ನೇತಾಡುತ್ತಿರುತ್ತದೆ. ಹೊಸ ಅನುಭವ ಸೇರಿಸುವ ಫಾರಂನಲ್ಲೂ ಹೆಡ್‌ಲೈನ್ ಬಾಕ್ಸ್ ಬರುತ್ತದೆ. ಅವಸರದಲ್ಲಿ ಸೇವ್ ಒತ್ತಿ ಚೆನ್ನಾಗಿದ್ದ ಸಾಲನ್ನು ಕಳೆದುಕೊಳ್ಳಬೇಡಿ.

ಈ ಸಾಲು ನಿಮ್ಮ ಪ್ರೊಫೈಲಿನಲ್ಲಷ್ಟೇ ಇರುವುದಿಲ್ಲ. ಯಾರಾದರೂ ಹುಡುಕಿದಾಗ, ನೀವು ಇನ್ನೊಬ್ಬರ ಪೋಸ್ಟಿಗೆ ಕಾಮೆಂಟ್ ಹಾಕಿದಾಗ, ಕನೆಕ್ಷನ್ ಕೇಳಿದಾಗ, ಎಲ್ಲ ಕಡೆಗೂ ಹೆಸರಿನ ಜೊತೆ ಇದೇ ಹೋಗುತ್ತದೆ. ಆ ಜಾಗಗಳಲ್ಲಿ ಪೂರ್ತಿ ಕಾಣುವುದೂ ಇಲ್ಲ. ಮೊಬೈಲಿನಲ್ಲಿ ಮೊದಲ ತುಂಡು ಕಂಡು ಉಳಿದದ್ದು ಮೂರು ಚುಕ್ಕಿಯಾಗುತ್ತದೆ. ಹಾಗಾಗಿ 220 ಅಕ್ಷರ ಇದೆಯಲ್ಲ ಎಂದು ನೆಮ್ಮದಿಯಾಗಿ ಬರೆಯುವಂತಿಲ್ಲ. ಸಮಸ್ಯೆಯ ಹೆಸರು ಮೊದಲ ನಲವತ್ತು ಐವತ್ತು ಅಕ್ಷರದೊಳಗೇ ಬಂದುಬಿಡಬೇಕು.

“ಫ್ರೀಲ್ಯಾನ್ಸ್ ಅಕೌಂಟೆಂಟ್ | ಬಿ.ಕಾಂ | ಟ್ಯಾಲಿ | ಜಿಎಸ್‌ಟಿ | ಟಿಡಿಎಸ್ | ಎಕ್ಸೆಲ್” ಎಂದು ಹಾಕಿದ್ದೇನೆ. ಇದರಲ್ಲಿ ತಪ್ಪೇನು?

ಸುಳ್ಳೇನಿಲ್ಲ, ಆದರೆ ಇದು ಕೆಲಸ ಹುಡುಕುವವರ ಸಾಲು. ಟ್ಯಾಲಿ ಬರುತ್ತದೆಯೇ ಎಂದು ನೋಡುವವರು ಎಚ್‌ಆರ್‌ನವರು. ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾಲ್ಕು ಲೇತ್, ಎರಡು ಸಿಎನ್‌ಸಿ ಇಟ್ಟುಕೊಂಡಿರುವ ಮಾಲೀಕರಿಗೆ ಟ್ಯಾಲಿ ಒಂದು ಸಮಸ್ಯೆಯೇ ಅಲ್ಲ. ಅವರ ತಲೆನೋವು ಏನೆಂದು ಅವರ ಬಾಯಲ್ಲೇ ಕೇಳಿ: “ಬಿಲ್ ಎಲ್ಲಾ ಕೈಯಲ್ಲೇ ಇದೆ ಸಾರ್, ಆದ್ರೂ ಈ ತಿಂಗಳು ಜಿಎಸ್‌ಟಿ ಕೈಯಿಂದ ಕಟ್ಟಿ ಅಂತಾರೆ. ಯಾಕೆ ಅಂದ್ರೆ ಯಾರೂ ಸರಿಯಾಗಿ ಹೇಳಲ್ಲ.”

ಆ ಮಾತಿಗೆ ಉತ್ತರವಾಗಿ ನಿಮ್ಮ ಸಾಲು ನಿಲ್ಲಬೇಕು. ನೀವು ಬಳಸುವ ಸಾಫ್ಟ್‌ವೇರ್, ಓದಿದ ಡಿಗ್ರಿ ಎಲ್ಲ ಅವರು ಆಮೇಲೆ ಕೇಳುವ ವಿಷಯ.

ಹಾಗಾದರೆ “ಸಣ್ಣ ಉದ್ಯಮಗಳಿಗೆ ಜಿಎಸ್‌ಟಿ ಪರಿಹಾರ” ಎಂದರೆ ಸಾಕಲ್ಲವೇ?

ಸಾಲದು. ಸಣ್ಣ ಉದ್ಯಮ ಎಂದರೆ ದೇವರಾಜ ಮಾರ್ಕೆಟ್ಟಿನ ಹೂವಿನ ಅಂಗಡಿಯೂ ಹೌದು, ನಂಜನಗೂಡಿನ ಫ್ಯಾಕ್ಟರಿಯೂ ಹೌದು. ಯಾರೂ “ಇದು ನನಗೇ ಹೇಳಿದ್ದು” ಎಂದುಕೊಳ್ಳುವುದಿಲ್ಲ. ಪರಿಹಾರ ಎಂಬ ಪದ ಇನ್ನೂ ಕಷ್ಟ, ಯಾವುದಕ್ಕೆ ಪರಿಹಾರ ಎಂದು ಹೇಳುವುದೇ ಇಲ್ಲ. ಓದಿದವರು ನಿಮ್ಮನ್ನು ಕರೆಯಬೇಕಾದರೆ ಮೂರು ವಿಷಯ ಗೊತ್ತಾಗಬೇಕು: ಯಾವ ತೊಂದರೆ, ಯಾರಿಗೆ, ನೀವು ಏನು ಮಾಡಿಕೊಡುತ್ತೀರಿ. ನಾಲ್ಕನೆಯದು, ನೀವಿರುವ ಊರು, ಹುಡುಕಾಟಕ್ಕಾಗಿ.

ಯಾವ ಸಮಸ್ಯೆ ಹಿಡಿಯಬೇಕು ಎಂದು ಹೇಗೆ ತೀರ್ಮಾನಿಸುವುದು?

ಕೂತು ಯೋಚಿಸಿದರೆ ಸಿಗುವುದಿಲ್ಲ. ಈಗಿರುವ ಕ್ಲೈಂಟುಗಳ ವಾಟ್ಸಾಪ್ ತೆಗೆದು ಹಿಂದಿನ ಮೂರು ತಿಂಗಳ ಮೆಸೇಜ್ ಓದಿ. ಯಾವ ಪ್ರಶ್ನೆ ಮತ್ತೆ ಮತ್ತೆ ಬಂದಿದೆ, ತಿಂಗಳ ಯಾವ ದಿನ ಬಂದಿದೆ ಎಂದು ಗುರುತು ಹಾಕಿಕೊಳ್ಳಿ. ಜಿಎಸ್‌ಟಿ ಕೆಲಸ ಮಾಡುವವರಿಗೆ 14ರಿಂದ 20ನೇ ತಾರೀಕಿನ ನಡುವೆ ಫೋನ್ ಜಾಸ್ತಿ. ಅದಕ್ಕೆ ಕಾರಣವೂ ಇದೆ.

ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಮಾರಾಟಗಾರ ತನ್ನ ಬಿಲ್ಲುಗಳನ್ನು GSTR-1ರಲ್ಲಿ ಮುಂದಿನ ತಿಂಗಳ 11ರೊಳಗೆ ತೋರಿಸಬೇಕು. 14ಕ್ಕೆ ಖರೀದಿದಾರನಿಗೆ GSTR-2B ತಯಾರಾಗುತ್ತದೆ. ಯಾವ ಯಾವ ಖರೀದಿಗೆ ಕ್ರೆಡಿಟ್ ಸಿಗಬಹುದು ಎಂಬ ಪಟ್ಟಿ ಅದು. 20ರೊಳಗೆ GSTR-3B ಹಾಕಿ ತೆರಿಗೆ ಕಟ್ಟಬೇಕು. ಬಿಲ್ಲು ನಿಮ್ಮ ಫೈಲಿನಲ್ಲಿದ್ದು 2Bಯಲ್ಲಿ ಇಲ್ಲದಿದ್ದರೆ ಆ ತಿಂಗಳು ಆ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ.

ಲೆಕ್ಕದಲ್ಲಿ ನೋಡೋಣ. ಒಂದು ಎಂಜಿನಿಯರಿಂಗ್ ಯೂನಿಟ್ ತಿಂಗಳಿಗೆ ತೆರಿಗೆ ಬಿಟ್ಟು 8,00,000 ರೂಪಾಯಿಯ ಸ್ಟೀಲು, ಟೂಲ್ಸು ತಂದಿದೆ ಎನ್ನಿ. ಶೇ 18ರಂತೆ 1,44,000 ಕ್ರೆಡಿಟ್ ಬರಬೇಕು. 2Bಯಲ್ಲಿ ಕಾಣುವುದು 1,08,000. ಉಳಿದ 36,000 ಈ ತಿಂಗಳು ಕೈಯಿಂದ ಹೋಗುತ್ತದೆ. ಸಪ್ಲೈಯರ್‌ಗೆ ತೆರಿಗೆ ಸೇರಿಸಿ ದುಡ್ಡು ಕೊಟ್ಟಾಗಿದೆ, ಈಗ ಸರ್ಕಾರಕ್ಕೂ ಕಟ್ಟಬೇಕು. ವಾರಕ್ಕೊಮ್ಮೆ ಕೂಲಿ ಬಟವಾಡೆ ಮಾಡುವ ಯೂನಿಟ್ಟಿಗೆ ಇದು ಸಣ್ಣ ಮೊತ್ತವಲ್ಲ.

ಇಂಥದ್ದೇ ಒಳ್ಳೆಯ ಹೆಡ್‌ಲೈನ್ ಸಮಸ್ಯೆ. ಪ್ರತಿ ತಿಂಗಳು ಬರುತ್ತದೆ, ರೂಪಾಯಿಯಲ್ಲಿ ಅಳೆಯಬಹುದು, ಮಾಲೀಕರಿಗೇ ಗೊತ್ತಾಗುತ್ತದೆ. “ಕಂಪ್ಲೈಯನ್ಸ್” ಎನ್ನುವುದು ಹಾಗಲ್ಲ. ಅದು ನಮ್ಮ ಮಾತು, ಅವರದಲ್ಲ.

ಈ ಸಮಸ್ಯೆಯನ್ನು ಸಾಲಾಗಿ ಹೇಗೆ ಕಟ್ಟುವುದು? ಒಂದು ಉದಾಹರಣೆ ಕೊಡಿ.

ಮೊದಲ ಕರಡು ಹೀಗೆ ಬರುತ್ತದೆ:

“ಜಿಎಸ್‌ಟಿ ರಿಕನ್ಸಿಲಿಯೇಶನ್ ತಜ್ಞ, ಮೈಸೂರು.”

ರಿಕನ್ಸಿಲಿಯೇಶನ್ ಎಂದರೆ ಅಕೌಂಟೆಂಟ್‌ಗೆ ಗೊತ್ತು, ಯೂನಿಟ್ ಮಾಲೀಕರಿಗೆ ಗೊತ್ತಿರಲೇಬೇಕೆಂದಿಲ್ಲ. ಕೆಲಸದ ಹೆಸರು ತೆಗೆದು ಅವರಿಗೆ ಕಾಣುವ ತೊಂದರೆ ಹಾಕಿ:

“ಖರೀದಿ ಬಿಲ್ ಇದ್ದರೂ ಜಿಎಸ್‌ಟಿ ಕ್ರೆಡಿಟ್ ಸಿಗುತ್ತಿಲ್ಲವೇ? ನಾನು ಕೊಡಿಸುತ್ತೇನೆ.”

ತೊಂದರೆ ಸರಿಯಾಗಿ ಬಂತು, ಆದರೆ ಮಾತು ಕೈಮೀರಿತು. ಬಿಲ್ಲು 2Bಗೆ ಬರದಿರಲು ಸಾಮಾನ್ಯವಾಗಿ ಸಪ್ಲೈಯರ್ ಕಡೆಯ ಕಾರಣವಿರುತ್ತದೆ. GSTR-1 ಹಾಕಿರುವುದಿಲ್ಲ, ಅಥವಾ 11 ದಾಟಿ ಹಾಕಿರುತ್ತಾರೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ, ನಡುವಿನ ತಿಂಗಳ ಬಿಲ್ಲುಗಳನ್ನು 13ರೊಳಗೆ ಐಎಫ್‌ಎಫ್‌ನಲ್ಲಿ ಏರಿಸಿರುವುದಿಲ್ಲ. ಇಲ್ಲವೇ ನಿಮ್ಮ ಕ್ಲೈಂಟಿನ ಜಿಎಸ್‌ಟಿ ನಂಬರಿನ ಬದಲು ಬೇರೆ ನಂಬರ್ ಹಾಕಿ ಬಿಲ್ಲು ಬೇರೆಯವರ ಖಾತೆಗೆ ಹೋಗಿರುತ್ತದೆ. ಇವನ್ನು ನೀವು ಪತ್ತೆ ಹಚ್ಚಬಹುದು, ಸಪ್ಲೈಯರ್ ಬೆನ್ನು ಹತ್ತಬಹುದು. ಅವರ ಪರವಾಗಿ ರಿಟರ್ನ್ ಹಾಕಲಾಗದು. ಅವರು ತಡವಾಗಿ ಹಾಕಿದರೆ ಕ್ರೆಡಿಟ್ ಮುಂದಿನ ತಿಂಗಳ 2Bಗೆ ಬರುತ್ತದೆ. ಹಾಗಾಗಿ “ಕೊಡಿಸುತ್ತೇನೆ” ಬಿಟ್ಟು ನಿಮ್ಮ ಕೈಯಲ್ಲಿರುವ ಕೆಲಸವನ್ನೇ ಹೇಳಿ:

“ಬಿಲ್ ಇದ್ದೂ ಸಿಗದ GST ಕ್ರೆಡಿಟ್ ಎಲ್ಲಿ ಸಿಕ್ಕಿಕೊಂಡಿದೆ ಎಂದು 20ನೇ ತಾರೀಕಿನೊಳಗೆ ಹುಡುಕಿಕೊಡುತ್ತೇನೆ | ಮೈಸೂರಿನ ಎಂಜಿನಿಯರಿಂಗ್ ಯೂನಿಟ್‌ಗಳಿಗೆ | `Freelance GST Accountant, Mysuru`”

ಇದು ಸುಮಾರು 160 ಅಕ್ಷರ. ಮೊದಲ ತುಂಡು ಮಾತ್ರ ಕಂಡರೂ ಸಮಸ್ಯೆ ಗೊತ್ತಾಗುತ್ತದೆ. 20ನೇ ತಾರೀಕು ಎಂದಿರುವುದು ಅಲಂಕಾರಕ್ಕಲ್ಲ. 3B ಹಾಕುವ ಮೊದಲೇ ಗೊತ್ತಾದರೆ ಸಪ್ಲೈಯರ್‌ಗೆ ಕೊಡಬೇಕಾದ ಮುಂದಿನ ಪೇಮೆಂಟ್ ತಡೆಹಿಡಿಯಬಹುದು, ಆ ತಿಂಗಳು ಎಷ್ಟು ದುಡ್ಡು ಹೊಂದಿಸಬೇಕೆಂದು ತಿಳಿಯುತ್ತದೆ. ಆ ತಾರೀಕು ನೋಡಿದವರಿಗೆ ನಿಮಗೆ ಕೆಲಸ ಗೊತ್ತಿದೆ ಎಂಬುದೂ ತಿಳಿಯುತ್ತದೆ, “ಎಕ್ಸ್‌ಪರ್ಟ್” ಎಂದು ಬರೆದುಕೊಳ್ಳುವ ಅಗತ್ಯ ಬೀಳುವುದಿಲ್ಲ.

ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ?

ಕ್ಲೈಂಟು ಯಾರು ಎನ್ನುವುದರ ಮೇಲೆ ನಿಂತಿದೆ. ಮಂಡ್ಯ, ಮದ್ದೂರು, ಮೈಸೂರಿನ ಸ್ಥಳೀಯ ಮಾಲೀಕರಾದರೆ ಕನ್ನಡದ ಸಾಲು ಇಂಗ್ಲಿಷ್ ಸಾಲುಗಳ ನಡುವೆ ಎದ್ದು ಕಾಣುತ್ತದೆ. ಬೆಂಗಳೂರಿನ ಅಥವಾ ಹೊರರಾಜ್ಯದ ಕಂಪನಿಗಳೂ ಬೇಕೆಂದರೆ ಇಂಗ್ಲಿಷೇ ಸರಿ.

ಕನ್ನಡದಲ್ಲಿ ಬರೆಯುವವರು ಎರಡು ವಿಷಯ ಗಮನಿಸಬೇಕು. ಕನ್ನಡಿಗರೂ ಸರ್ಚ್ ಬಾಕ್ಸಿನಲ್ಲಿ ಸಾಮಾನ್ಯವಾಗಿ `GST accountant Mysuru` ಎಂದೇ ಟೈಪ್ ಮಾಡುತ್ತಾರೆ. ಪೂರ್ತಿ ಕನ್ನಡ ಲಿಪಿಯಲ್ಲಿದ್ದರೆ ಆ ಹುಡುಕಾಟಕ್ಕೆ ಹೆಡ್‌ಲೈನ್ ಸಿಕ್ಕುವುದಿಲ್ಲ. ಮೇಲಿನ ಉದಾಹರಣೆಯ ಕೊನೆಯಲ್ಲಿ ಇಂಗ್ಲಿಷ್ ತುಂಡು ಇರುವುದು ಅದಕ್ಕೇ. ಎರಡನೆಯದು ಎಣಿಕೆ. ಕನ್ನಡದ ಗುಣಿತ, ಒತ್ತಕ್ಷರಗಳು ಕಣ್ಣಿಗೆ ಒಂದಾಗಿ ಕಂಡರೂ ಕಂಪ್ಯೂಟರ್ ಅವನ್ನು ಬಿಡಿಸಿ ಎಣಿಸುತ್ತದೆ. “ಕ್ರೆ” ಎಂಬ ಒಂದಕ್ಷರಕ್ಕೆ ನಾಲ್ಕು ಖರ್ಚಾಗುತ್ತದೆ. 220 ಬೇಗ ಮುಗಿದುಹೋಗುತ್ತದೆ.

ಅದೇ ವಿಷಯ ಇಂಗ್ಲಿಷಿನಲ್ಲಿ ಹೀಗೆ:

```
GST credit missing in GSTR-2B? I trace it before the 20th for Mysuru engineering units | Freelance Accountant
```

ಇದು 109 ಅಕ್ಷರ, ಸಮಸ್ಯೆ ಮೊದಲ 30ರಲ್ಲೇ ಮುಗಿದಿದೆ. ಊರಿನ ಹೆಸರನ್ನು ಕೆಲವರು ಈಗಲೂ `Mysore` ಎಂದು ಹುಡುಕುತ್ತಾರೆ. ಎರಡನ್ನೂ ಹೆಡ್‌ಲೈನಿಗೆ ತುರುಕಬೇಡಿ. ಹಳೆಯ ಸ್ಪೆಲಿಂಗ್ ಅನ್ನು ಕೆಳಗಿನ `About` ಭಾಗದಲ್ಲಿ ಒಮ್ಮೆ ಬಳಸಿ.

ಸಪ್ಲೈಯರ್ ಬಿಲ್ಲಿನ ಜೊತೆ ಟಿಡಿಎಸ್, ಪಿಎಫ್, ಇನ್‌ಕಂ ಟ್ಯಾಕ್ಸ್ ಕೂಡ ಮಾಡುತ್ತೇನೆ. ಒಂದನ್ನೇ ಬರೆದರೆ ಉಳಿದ ಗಿರಾಕಿ ತಪ್ಪುವುದಿಲ್ಲವೇ?

ತಪ್ಪಬಹುದು, ಸ್ವಲ್ಪ. ಆದರೆ ಐದು ಕೆಲಸ ಬರೆದವರನ್ನು ಯಾವ ಕೆಲಸಕ್ಕೂ ನೆನಪಿಟ್ಟುಕೊಳ್ಳುವುದಿಲ್ಲ. 2B ತೊಂದರೆಗೆ ಕರೆದವರು ಎರಡು ತಿಂಗಳಾದ ಮೇಲೆ ಟಿಡಿಎಸ್ಸನ್ನೂ ನೀವೇ ನೋಡಿಕೊಳ್ಳಿ ಎನ್ನುತ್ತಾರೆ. ಉಳಿದ ಕೆಲಸಗಳಿಗೆ `About` ಮತ್ತು `Services` ಭಾಗಗಳಿವೆ.

ಈ ಸಾಲು ಎಲ್ಲ ವ್ಯಾಪಾರಿಗಳಿಗೂ ಹೊಂದುತ್ತದೆಯೇ?

ಇಲ್ಲ. ಇಲ್ಲಿ ಎಡವುವವರೇ ಹೆಚ್ಚು. ಕಾಂಪೊಸಿಷನ್ ಸ್ಕೀಮಿನಲ್ಲಿರುವ ಅಂಗಡಿಯವರಿಗೆ ಖರೀದಿ ಮೇಲಿನ ಕ್ರೆಡಿಟ್ ಇಲ್ಲವೇ ಇಲ್ಲ. ಮಂಡ್ಯ ಕಡೆಯ ಆಲೆಮನೆಯವರು ಬೆಲ್ಲವನ್ನು ಲೂಸಾಗಿ ಮಾರುವುದಾದರೆ ಅದಕ್ಕೆ ಜಿಎಸ್‌ಟಿಯೇ ಬೀಳುವುದಿಲ್ಲ, ಹಾಗಾಗಿ ಕ್ರೆಡಿಟ್ಟಿನ ಪ್ರಶ್ನೆಯೂ ಏಳುವುದಿಲ್ಲ. ಅವರಿಗೆ 2B ಮಾತು ಹೇಳಿದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕಾಯುತ್ತ ಕೂತ ಹಾಗೆ, ಅವರು ಆ ನೀರಿಗೆ ಬರುವವರೇ ಅಲ್ಲ.

ಮಂಡ್ಯದಲ್ಲಿ ಸೋಪು, ಬಿಸ್ಕತ್ತಿನ ಡಿಸ್ಟ್ರಿಬ್ಯೂಟರ್‌ಗಳನ್ನು ಗುರಿಯಾಗಿಟ್ಟುಕೊಂಡರೆ ಸಮಸ್ಯೆ ಬೇರೆ. ಸ್ಕೀಮು, ಡ್ಯಾಮೇಜು ಎಂದು ಅವರು ಅಂಗಡಿಗಳಿಗೆ ತಾವೇ ಕೊಟ್ಟಿರುತ್ತಾರೆ, ಕಂಪನಿಯಿಂದ ಕ್ರೆಡಿಟ್ ನೋಟ್ ಬರುವುದು ತಡವಾಗುತ್ತದೆ, ಯಾವುದು ಬಂತು ಯಾವುದು ಬಾಕಿ ಎಂದು ಲೆಕ್ಕ ಇರುವುದಿಲ್ಲ. ಅವರಿಗೆ ಸಾಲು ಹೀಗಿರಬಹುದು:

“ಕಂಪನಿಯಿಂದ ಬರಬೇಕಾದ ಸ್ಕೀಮ್ ಕ್ಲೇಮ್ ಎಷ್ಟು ಬಾಕಿ ಇದೆ? ಬಿಲ್‌ವಾರು ಲೆಕ್ಕ ಪ್ರತಿ ತಿಂಗಳು | ಡಿಸ್ಟ್ರಿಬ್ಯೂಟರ್‌ಗಳಿಗೆ | `Freelance Accountant, Mandya`”

ಹೆಡ್‌ಲೈನಿನಲ್ಲಿ “ಆಡಿಟರ್” ಎಂದು ಹಾಕಬಹುದೇ? ಊರಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ.

ಕರೆಯುವುದು ಬೇರೆ, ನೀವೇ ಬರೆದುಕೊಳ್ಳುವುದು ಬೇರೆ. ನಮ್ಮ ಕಡೆ ರಿಟರ್ನ್ ಹಾಕಿಕೊಡುವವರೆಲ್ಲ “ಆಡಿಟರ್ ಸಾರ್”. ಆದರೆ ಕಂಪನಿ ಆಡಿಟ್, ಟ್ಯಾಕ್ಸ್ ಆಡಿಟ್‌ಗೆ ಸಹಿ ಹಾಕುವವರು ಪ್ರಾಕ್ಟೀಸ್‌ನಲ್ಲಿರುವ ಚಾರ್ಟರ್ಡ್ ಅಕೌಂಟೆಂಟ್. ಆ ಅರ್ಹತೆ ಇಲ್ಲದೆ ಆ ಪದ ಹಾಕಿದರೆ ಓದಿದವರು ತಪ್ಪು ತಿಳಿಯುತ್ತಾರೆ. `CA` ಎಂಬ ಎರಡಕ್ಷರವಂತೂ ಮುಟ್ಟಲೇಬೇಡಿ. ಸದಸ್ಯರಲ್ಲದವರು ಚಾರ್ಟರ್ಡ್ ಅಕೌಂಟೆಂಟ್ ಎಂದು ತೋರಿಸಿಕೊಳ್ಳುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಶಿಕ್ಷಾರ್ಹ. ಇಂಟರ್ ಪಾಸಾದವರು ಹೆಸರಿನ ಮುಂದೆ ಅದನ್ನು ಅಂಟಿಸಿಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ.

ಜಿಎಸ್‌ಟಿ ಪ್ರಾಕ್ಟೀಷನರ್ ಎಂದು ಬರೆಯಲು ಪೋರ್ಟಲಿನಲ್ಲಿ `GST PCT-01` ಅರ್ಜಿ ಹಾಕಿ, `GST PCT-02` ಪ್ರಮಾಣಪತ್ರ ಸಿಕ್ಕಿರಬೇಕು. ಅದಿದ್ದರೆ ಧಾರಾಳವಾಗಿ ಹಾಕಿ, ಕ್ಲೈಂಟಿಗೆ ಭರವಸೆ ಕೊಡುತ್ತದೆ. ಇಲ್ಲದಿದ್ದರೆ ಅಕೌಂಟೆಂಟ್ ಎಂಬುದೇ ಸಾಕು.

ನೀವು ಪ್ರಾಕ್ಟೀಸ್‌ನಲ್ಲಿರುವ ಸಿಎ ಆಗಿದ್ದರೆ ಮಾತು ಬೇರೆ. ಜಾಹೀರಾತು, ಕೆಲಸ ಕೇಳುವುದರ ಬಗ್ಗೆ ಐಸಿಎಐ ನೀತಿಸಂಹಿತೆಯ ನಿಯಮಗಳು ನಿಮಗೆ ಅನ್ವಯಿಸುತ್ತವೆ. ಇಲ್ಲಿನ ಉದಾಹರಣೆಗಳನ್ನು ನಕಲು ಮಾಡುವ ಮುನ್ನ ಈಗ ಜಾರಿಯಲ್ಲಿರುವ ನಿಯಮ ಓದಿಕೊಳ್ಳಿ.

“100% ಕ್ರೆಡಿಟ್ ಗ್ಯಾರಂಟಿ”, “ಲಕ್ಷಾಂತರ ರೂಪಾಯಿ ಉಳಿಸಿದ್ದೇನೆ” ಎಂದರೆ ಜನ ಬೇಗ ಬರುವುದಿಲ್ಲವೇ?

ಬರುತ್ತಾರೆ, ಬರಬಾರದವರೂ ಬರುತ್ತಾರೆ. ಮಾಲು ಬರದೆ ಬರೀ ಬಿಲ್ಲು ತಂದು ಕ್ರೆಡಿಟ್ ತೆಗೆಯಬೇಕೆನ್ನುವವರಿಗೆ ಗ್ಯಾರಂಟಿ ಎಂಬ ಪದ ಬಹಳ ಇಷ್ಟ. ಸರಿಯಾದ ಮಾಲೀಕರಿಗೆ ಮೊದಲ ತಿಂಗಳಲ್ಲೇ ಒಬ್ಬ ಸಪ್ಲೈಯರ್ ರಿಟರ್ನ್ ಹಾಕದೆ ಕೈಕೊಟ್ಟರೆ ನಿಮ್ಮ ಗ್ಯಾರಂಟಿ ಮುರಿದಂತೆಯೇ. ಅಂಕಿ ಹಾಕುವುದಿದ್ದರೆ ನಿಮ್ಮ ಕೆಲಸದ ವೇಳೆಯ ಅಂಕಿ ಹಾಕಿ: 14ಕ್ಕೆ 2B ಬಂದರೆ 16ರೊಳಗೆ ಪಟ್ಟಿ ಕೊಡುತ್ತೇನೆ ಎನ್ನುವುದು ನೀವು ಉಳಿಸಿಕೊಳ್ಳಬಹುದಾದ ಮಾತು.

ಕ್ಲಿಕ್ ಮಾಡಿ ಒಳಗೆ ಬಂದವರಿಗೆ ಏನು ಕಾಣಬೇಕು?

ಹೆಡ್‌ಲೈನಿನ ಮಾತೇ ಮುಂದುವರಿಯಬೇಕು. `About` ಭಾಗದ ಮೊದಲ ಎರಡು ಸಾಲಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಬರೆಯಿರಿ: ನೀವು ಟ್ಯಾಲಿಯಿಂದ ತೆಗೆದ ಖರೀದಿ ರಿಜಿಸ್ಟರ್ ಮತ್ತು ಪೋರ್ಟಲಿನ 2B ಎಕ್ಸೆಲ್ ಕಳಿಸಿ, ಸಿಗದ ಬಿಲ್ಲುಗಳ ಪಟ್ಟಿಯನ್ನು ಸಪ್ಲೈಯರ್‌ವಾರು, ಕಾರಣ ಸಮೇತ ಕೊಡುತ್ತೇನೆ ಎಂದು. ಹೆಡ್‌ಲೈನ್ 2B ಎನ್ನುತ್ತಿದ್ದು, ಒಳಗೆ “ಪರಿಶ್ರಮಿ, ಪ್ರಾಮಾಣಿಕ, ತಂಡದೊಂದಿಗೆ ಬೆರೆಯುವ ಗುಣ” ಎಂದು ಹಳೆಯ ರೆಸ್ಯೂಮೆ ಮಾತು ಉಳಿದಿದ್ದರೆ ಬಂದವರು ಅಲ್ಲಿಂದಲೇ ವಾಪಸ್.

ಸದ್ಯ ಕಂಪನಿಯಲ್ಲಿ ಕೆಲಸದಲ್ಲಿದ್ದೇನೆ, ಸಂಜೆ ಹೊತ್ತು ಫ್ರೀಲ್ಯಾನ್ಸ್. ಹೆಡ್‌ಲೈನ್ ಬದಲಿಸಲೇ?

ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಹೊರಗಿನ ಕೆಲಸಕ್ಕೆ ನಿಷೇಧ ಇದೆಯೇ ನೋಡಿ. ಹೆಡ್‌ಲೈನ್ ನಿಮ್ಮ ಮ್ಯಾನೇಜರ್‌ಗೂ ಕಾಣುತ್ತದೆ.

ಸಾಲು ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಹಾಕುವ ಮೊದಲೇ ಒಂದು ಪರೀಕ್ಷೆ ಮಾಡಿ. ಅಕೌಂಟ್ಸ್ ಗೊತ್ತಿಲ್ಲದ ಒಬ್ಬ ವ್ಯಾಪಾರಿಗೆ ಸಾಲು ಓದಿ ಹೇಳಿ, “ನಾನು ಏನು ಮಾಡಿಕೊಡ್ತೀನಿ ಅಂತ ಅನ್ನಿಸ್ತು?” ಎಂದು ಕೇಳಿ. “ಜಿಎಸ್‌ಟಿ ಕೆಲಸ” ಎಂದಷ್ಟೇ ಹೇಳಿದರೆ ಸಾಲು ಇನ್ನೂ ಮಸುಕು. “ಸಪ್ಲೈಯರ್ ಸರಿಯಾಗಿ ಹಾಕಿಲ್ಲ ಅಂದ್ರೆ ಕಂಡುಹಿಡೀತೀರಿ” ಎಂದರೆ ಸರಿಯಾಗಿದೆ. ಆಮೇಲೆ ಯಾವುದಾದರೂ ಪೋಸ್ಟಿಗೆ ಕಾಮೆಂಟ್ ಹಾಕಿ, ಮೊಬೈಲಿನಲ್ಲಿ ಸಾಲು ಎಲ್ಲಿ ತುಂಡಾಗುತ್ತದೆ ನೋಡಿ.

ಹಾಕಿದ ಮೇಲೆ ಒಂದೆರಡು ತಿಂಗಳು ಮುಟ್ಟಬೇಡಿ. ಜಿಎಸ್‌ಟಿ ಕೆಲಸ ತಿಂಗಳ ಚಕ್ರದಲ್ಲಿ ತಿರುಗುವುದರಿಂದ ಒಂದೇ ವಾರದಲ್ಲಿ ತೀರ್ಮಾನಿಸಲಾಗದು. ಪ್ರೊಫೈಲ್ ನೋಡಿದವರ ಪಟ್ಟಿಯಲ್ಲಿ ಎಷ್ಟು ಜನ ಎನ್ನುವುದಕ್ಕಿಂತ ಯಾರು ಎನ್ನುವುದನ್ನು ಗಮನಿಸಿ. ಉಚಿತ ಖಾತೆಯಲ್ಲಿ ಕೆಲವರಷ್ಟೇ ಕಾಣುತ್ತಾರೆ, ಅಷ್ಟು ಸಾಕು. ಎಚ್‌ಆರ್‌ನವರು, ಇತರ ಅಕೌಂಟೆಂಟ್‌ಗಳೇ ತುಂಬಿದ್ದರೆ ಸಾಲು ಇನ್ನೂ ರೆಸ್ಯೂಮೆಯಂತೆ ಓದಿಸುತ್ತಿದೆ, ಸಮಸ್ಯೆಯ ತುಂಡನ್ನು ಮುಂದಕ್ಕೆ ತನ್ನಿ. ಮಾಲೀಕರು, ಪಾಲುದಾರರು, ಪರ್ಚೇಸ್ ಮ್ಯಾನೇಜರ್‌ಗಳು ಬಂದು ನೋಡುತ್ತಿದ್ದಾರೆ, ಆದರೆ ಮೆಸೇಜ್ ಮಾಡುತ್ತಿಲ್ಲ ಎಂದಾದರೆ ಹೆಡ್‌ಲೈನ್ ತನ್ನ ಕೆಲಸ ಮಾಡಿದೆ, ತೊಡಕು `About` ಭಾಗದಲ್ಲಿದೆ. ಮೆಸೇಜ್ ಬಂದು ಎಲ್ಲರೂ “ಇನ್‌ಕಂ ಟ್ಯಾಕ್ಸ್ ರಿಟರ್ನ್‌ಗೆ ಎಷ್ಟು ತಗೋತೀರಾ?” ಎಂದೇ ಕೇಳುತ್ತಿದ್ದರೆ ಅವರು ಓದಿದ್ದು ಕೊನೆಯ `Accountant` ಎಂಬ ಪದವನ್ನು ಮಾತ್ರ. ಆಗ ಯಾರಿಗಾಗಿ ಎಂಬ ತುಂಡನ್ನು ಇನ್ನೂ ಮುಂದೆ ತಂದು ನೋಡಿ: “ಎಂಜಿನಿಯರಿಂಗ್ ಯೂನಿಟ್‌ಗಳಿಗೆ: ಬಿಲ್ ಇದ್ದೂ ಸಿಗದ GST ಕ್ರೆಡಿಟ್ ಪತ್ತೆ…”